ಇಂಟರ್ನ್ ಹೊರಡುವ ದಿನ ಕಾರ್ಡಿನಲ್ಲಿ ಏನು ಬರೆಯಬೇಕು?

ಒಂದೆರಡು ತಿಂಗಳಿಗೆಂದು ಬಂದ ಇಂಟರ್ನ್‌ಗಳ ಕೊನೆಯ ದಿನ ಎಲ್ಲ ಕಚೇರಿಗಳಲ್ಲೂ ಹೆಚ್ಚುಕಡಿಮೆ ಒಂದೇ ತರಹ ನಡೆಯುತ್ತದೆ. ಊಟವಾದ ಮೇಲೆ ಯಾರೋ ಎದುರಿನ ಅಂಗಡಿಯಿಂದ ಕಾರ್ಡ್ ತರುತ್ತಾರೆ. ಅದು ಫೈಲಿನೊಳಗೆ ಅಡಗಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತದೆ. ಮೊದಲನೆಯವರು 'ನಿನ್ನ ಭವಿಷ್ಯ ಉಜ್ವಲವಾಗಲಿ' ಎಂದು ಬರೆದಿರುತ್ತಾರೆ. ಎರಡನೆಯವರು ಅದನ್ನು ನೋಡಿ, ಅದೇ ಬರೆದರೆ ಚೆನ್ನಾಗಿರುವುದಿಲ್ಲ ಎಂದು 'ನಿನಗೆ ಉಜ್ವಲ ಭವಿಷ್ಯವಿದೆ' ಎನ್ನುತ್ತಾರೆ. ಉಳಿದವರು ಸಹಿ ಹಾಕುತ್ತಾರೆ. ನಾಲ್ಕೂವರೆಗೆ ಟೀ, ಸಮೋಸ, ಒಂದು ಪೆನ್ ಸೆಟ್, ಫೋಟೊ.

ಇದರಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ. ಬರೆಯಲು ಏನೂ ತೋಚದಿದ್ದಾಗ ಕೈಗೆ ಸಿಕ್ಕ ಮಾತನ್ನು ಬರೆಯುತ್ತೇವೆ, ಅಷ್ಟೆ. ಹಾರೈಕೆ ಸಪ್ಪೆಯಾದರೆ ಅಂಥ ನಷ್ಟವೂ ಇಲ್ಲ. ತೊಂದರೆ ಶುರುವಾಗುವುದು ಅದಕ್ಕೆ ಇನ್ನಷ್ಟು ಪ್ರೀತಿ ಬೆರೆಸಲು ಹೋದಾಗ. 'ನಮ್ಮ ಪುಟ್ಟ ಹುಡುಗಿ', 'ಇಷ್ಟು ಚಿಕ್ಕ ವಯಸ್ಸಿಗೇ', 'ಪರವಾಗಿಲ್ವೇ, ಎಷ್ಟು ಬೇಗ ಕಲಿತುಬಿಟ್ಟ!' ಎಂಬ ಮಾತುಗಳು ಆಡಿದವರಿಗೆ ಮೆಚ್ಚುಗೆಯಾಗಿಯೇ ಕಾಣುತ್ತವೆ. ಕೇಳುವ ಇಪ್ಪತ್ತರ ಹರೆಯದವರಿಗೆ ಮಾತ್ರ ಇನ್ನೊಂದು ಅರ್ಥ ಕೇಳಿಸುತ್ತದೆ: ಇವರು ನನ್ನಿಂದ ಏನನ್ನೂ ನಿರೀಕ್ಷಿಸಿರಲಿಲ್ಲ.

ಇದು ಅವರ ಅತಿಸೂಕ್ಷ್ಮತೆ ಎನ್ನುವ ಹಾಗಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ವುಲ್ಫ್-ಉವೆ ಮೇಯರ್ ಹೊಗಳಿಕೆಯ ಈ ಉಲ್ಟಾ ಪರಿಣಾಮದ ಬಗ್ಗೆ ಹಲವು ಪ್ರಯೋಗಗಳನ್ನು ಮಾಡಿದ್ದರು. ಇಬ್ಬರು ವಿದ್ಯಾರ್ಥಿಗಳು ಒಂದೇ ಸುಲಭದ ಲೆಕ್ಕವನ್ನು ಸರಿಯಾಗಿ ಮಾಡುತ್ತಾರೆ. ಮೇಷ್ಟ್ರು ಒಬ್ಬನಿಗೆ 'ಭೇಷ್, ತುಂಬಾ ಚೆನ್ನಾಗಿ ಮಾಡಿದೆ' ಎನ್ನುತ್ತಾರೆ, ಇನ್ನೊಬ್ಬನಿಗೆ 'ಹೂಂ, ಸರಿ ಇದೆ' ಎಂದಷ್ಟೇ ಹೇಳುತ್ತಾರೆ. ಈ ಇಬ್ಬರಲ್ಲಿ ಯಾರು ಜಾಣ ಎಂದು ಮೇಷ್ಟ್ರು ಭಾವಿಸಿದ್ದಾರೆ? ಹೀಗೆ ಕೇಳಿದರೆ ದೊಡ್ಡವರು ಹೆಚ್ಚಾಗಿ ಹೊಗಳಿಸಿಕೊಳ್ಳದವನ ಕಡೆ ಬೆರಳು ತೋರಿಸುತ್ತಾರೆ. ಸುಲಭದ ಕೆಲಸಕ್ಕೂ ಹೊಗಳಬೇಕಾಯಿತೆಂದರೆ ಹೊಗಳಿಸಿಕೊಂಡವನಿಂದ ಅದೂ ಆಗಲಾರದು ಎಂದು ಮೇಷ್ಟ್ರು ಅಂದುಕೊಂಡಿದ್ದರು ಎಂಬುದು ಅವರ ಲೆಕ್ಕ. ಚಿಕ್ಕ ಮಕ್ಕಳು ಹಾಗೆ ಎಣಿಸುವುದಿಲ್ಲ, ಹೊಗಳಿದರೆ ಖುಷಿಪಡುತ್ತಾರೆ. ಇಂಟರ್ನ್‌ಗಳು ಚಿಕ್ಕ ಮಕ್ಕಳಲ್ಲ. ಹಾಗಾಗಿ 'ಟೈಮಿಗೆ ಸರಿಯಾಗಿ ಬರುತ್ತಿದ್ದೆ', 'ಹೇಳಿದ್ದೆಲ್ಲ ಮಾಡಿದೆ' ಎಂಬ ಹೊಗಳಿಕೆ ಕಾರ್ಡಿನಲ್ಲಿದ್ದರೆ ಅದು ಹೊಗಳಿಕೆಯಾಗಿ ತಲುಪುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದಂಥ ಕಡೆ ಇರುವ ಒಂದು ಸಣ್ಣ ಮೆಷಿನ್ ಶಾಪ್. ಅಲ್ಲಿನ ಕ್ವಾಲಿಟಿ ವಿಭಾಗಕ್ಕೆ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗಿಯೊಬ್ಬಳು ಎಂಟು ವಾರದ ಇಂಟರ್ನ್‌ಶಿಪ್‌ಗೆ ಬಂದಿದ್ದಾಳೆ. ವರ್ನಿಯರ್, ಮೈಕ್ರೋಮೀಟರ್, ಪ್ಲಗ್ ಗೇಜ್ ಹಿಡಿದು ಪೀಸ್ ಅಳೆಯುವುದು, ಇನ್‌ಸ್ಪೆಕ್ಷನ್ ರಿಪೋರ್ಟ್ ತುಂಬುವುದು ಅವಳ ಕೆಲಸ. ಕೊನೆಯ ಶನಿವಾರ ಅವಳ ಕಾರ್ಡಿನಲ್ಲಿ ವಿಭಾಗದ ಮುಖ್ಯಸ್ಥರು ಹೀಗೆ ಬರೆದರು ಎಂದುಕೊಳ್ಳಿ:

'ಪ್ರೀತಿಯ ಪುಟ್ಟಿ, ಮೊದಲ ದಿನ ನಿನಗೆ ವರ್ನಿಯರ್ ಹಿಡಿಯಲೂ ಬರುತ್ತಿರಲಿಲ್ಲ, ಈಗ ನೋಡು! ಹೆಣ್ಣುಮಗಳಾದರೂ ಅಂಜದೆ ಶಾಪ್ ಫ್ಲೋರ್‌ನಲ್ಲಿ ಓಡಾಡಿದೆ. ಹೇಳಿದ ಕೆಲಸ ಚಾಚೂ ತಪ್ಪದೆ ಮಾಡಿದೆ. ಯಾವಾಗಲೂ ನಗುನಗುತ್ತಾ ಇರುತ್ತಿದ್ದೆ. ಹೀಗೇ ಕಷ್ಟಪಟ್ಟರೆ ಒಂದು ದಿನ ನೀನೂ ಒಳ್ಳೆಯ ಎಂಜಿನಿಯರ್ ಆಗುತ್ತೀಯ. ಉಜ್ವಲ ಭವಿಷ್ಯಕ್ಕೆ ಶುಭ ಹಾರೈಕೆಗಳು.'

ಬರೆದವರು ಒಳ್ಳೆಯವರು, ಅವಳ ಮೇಲೆ ಅಭಿಮಾನವೂ ಇದೆ. ಈಗ ಇದೇ ಒಕ್ಕಣೆಯನ್ನು ಅದೇ ವಿಭಾಗದಲ್ಲಿ ಇಪ್ಪತ್ತು ವರ್ಷ ಸರ್ವಿಸ್ ಮಾಡಿ ಬೇರೆ ಕಂಪನಿಗೆ ಹೊರಟಿರುವ ಇನ್‌ಸ್ಪೆಕ್ಟರ್ ಒಬ್ಬರಿಗೆ ಓದಿ ಹೇಳಿದ ಹಾಗೆ ಊಹಿಸಿಕೊಳ್ಳಿ. 'ಯಾವಾಗಲೂ ನಗುನಗುತ್ತಾ ಇರುತ್ತಿದ್ದಿರಿ' ಎಂದರೆ ಅವರು ಕಕ್ಕಾಬಿಕ್ಕಿಯಾಗುತ್ತಾರೆ. ಅಳತೆ ಸರಿಯಾಗಿ ತೆಗೆಯುತ್ತಿದ್ದೆನೋ ಇಲ್ಲವೋ ಎಂಬುದನ್ನು ಬಿಟ್ಟು ಇದೇನು ಎನ್ನುತ್ತಾರೆ. 'ಒಂದು ದಿನ ನೀವೂ ಒಳ್ಳೆಯ ಇನ್‌ಸ್ಪೆಕ್ಟರ್ ಆಗುತ್ತೀರಿ' ಎಂದರೆ ಕಾರ್ಡನ್ನು ಅಲ್ಲೇ ಇಟ್ಟು ಹೋದಾರು. ಹಿರಿಯ ಸಹೋದ್ಯೋಗಿಗೆ ಹೇಳಲಾಗದ ಮಾತನ್ನು ಇಂಟರ್ನ್‌ಗೂ ಹೇಳಬಾರದು ಎಂಬುದು ಒರಟು ಅಳತೆಗೋಲು ನಿಜ. ಆದರೂ ಹತ್ತರಲ್ಲಿ ಎಂಟು ಸಲ ಕೆಲಸಕ್ಕೆ ಬರುತ್ತದೆ.

ಕನ್ನಡದಲ್ಲಿ ಈ ಮೇಲಿನಿಂದ ನೋಡುವ ಧಾಟಿ ದೊಡ್ಡ ಪದಗಳಲ್ಲಿರುವುದಕ್ಕಿಂತ ಚಿಕ್ಕ ಪ್ರತ್ಯಯಗಳಲ್ಲಿ ಅಡಗಿರುತ್ತದೆ. ಆ ಕಾರ್ಡಿನಲ್ಲಿ 'ಹಿಡಿಯಲೂ', 'ಹೆಣ್ಣುಮಗಳಾದರೂ', 'ನೀನೂ' ಎಂಬ ಮೂರು ಕಡೆ ಆ 'ಊ' ಇದೆ. ಮೂರನ್ನೂ ತೆಗೆದು ಓದಿದರೆ ವಾಕ್ಯದ ಅರ್ಧ ವಿಷ ಇಳಿಯುತ್ತದೆ. ಹೆಣ್ಣುಮಗಳು ಎಂಬ ವಾಕ್ಯವನ್ನಂತೂ ಪೂರ್ತಿಯೇ ತೆಗೆಯಬೇಕು. ಬರೆದಾದ ಮೇಲೆ 'ಊ', 'ಆದರೂ', 'ಇಷ್ಟು' ಇವನ್ನು ಮಾತ್ರ ಹುಡುಕುತ್ತಾ ಒಮ್ಮೆ ಕಣ್ಣಾಡಿಸಿ. ಒಂದು ನಿಮಿಷದ ಕೆಲಸ.

ಹಾಗಾದರೆ ಬರೆಯುವುದೇನು? ಕಾರ್ಡ್ ಎದುರಿಗಿಟ್ಟುಕೊಂಡು ಯೋಚಿಸಿದರೆ ವಿಶೇಷಣಗಳು ಬರುತ್ತವೆಯೇ ಹೊರತು ವಿಷಯ ಬರುವುದಿಲ್ಲ. ವಿಷಯ ಇರುವುದು ಬೇರೆ ಕಡೆ. ಕಾಲೇಜಿಗೆ ತೋರಿಸಲೆಂದು ಆ ಹುಡುಗಿ ದಿನಚರಿ ಬರೆದಿರುತ್ತಾಳೆ, ನೀವೇ ಅದಕ್ಕೆ ಸಹಿ ಹಾಕಿರುತ್ತೀರಿ. ಹಾಕುವಾಗ ಓದಿರಲಿಕ್ಕಿಲ್ಲ, ಈಗ ಓದಿ. ಅವಳು ತುಂಬಿದ ಇನ್‌ಸ್ಪೆಕ್ಷನ್ ರಿಪೋರ್ಟ್‌ಗಳ ಫೈಲ್ ತಿರುವಿಹಾಕಿ. ಲೇತ್ ಹತ್ತಿರ ಹೋಗಿ ಆಪರೇಟರ್‌ನನ್ನು 'ಆ ಹುಡುಗಿ ಏನೇನು ಕೇಳ್ತಿದ್ಲು?' ಎಂದು ವಿಚಾರಿಸಿ. ನಿಮಗೆ ಬೇಕಾಗಿರುವುದು ಎರಡೇ ಉತ್ತರ. ಅವಳ ಕೈಯಿಂದ ಆದದ್ದು ಸೋಮವಾರವೂ ಇಲ್ಲಿ ಬಳಕೆಯಲ್ಲಿರುತ್ತದೆಯೇ, ಇದ್ದರೆ ಏನದು? ಅವಳು ಕೇಳಿದ ಯಾವ ಪ್ರಶ್ನೆಗೆ ನೀವು ಎದ್ದು ಹೋಗಿ ನೋಡಬೇಕಾಯಿತು?

ನಮ್ಮ ಉದಾಹರಣೆಯಲ್ಲಿ ಹುಡುಕಿದಾಗ ಎರಡು ಸಂಗತಿ ಸಿಕ್ಕವು ಎನ್ನೋಣ. ಒಂದು, ನಾಲ್ಕನೇ ವಾರ ರಿಪೋರ್ಟಿಗೆ ಡ್ರಾಯಿಂಗ್ ಪ್ರತಿ ಲಗತ್ತಿಸುವಾಗ ಅವಳ ಕಣ್ಣಿಗೆ ಬಿದ್ದದ್ದು. ಮೆಷಿನ್ ಪಕ್ಕದಲ್ಲಿ ನೇತುಹಾಕಿದ್ದ ಡ್ರಾಯಿಂಗ್‌ನ ಮೂಲೆಯಲ್ಲಿ ರಿವಿಷನ್ 'ಬಿ' ಎಂದಿತ್ತು, ಆಫೀಸ್ ಫೈಲಿನದರಲ್ಲಿ 'ಸಿ'. ಗಿರಾಕಿ ಡ್ರಾಯಿಂಗ್ ಬದಲಿಸಿ ಕಳಿಸಿದ್ದರು, ಫ್ಲೋರ್‌ಗೆ ಹೊಸದು ಹೋಗಿರಲಿಲ್ಲ. ಮೆಷಿನ್ ಶಾಪ್‌ಗಳಲ್ಲಿ ಲಾಟ್‌ಗೆ ಲಾಟೇ ವಾಪಸ್ ಬರುವುದಕ್ಕೆ ಇಂಥ ಹಳೆಯ ಡ್ರಾಯಿಂಗ್ ಒಂದು ಮಾಮೂಲಿ ಕಾರಣ. ಇನ್ನೊಂದು, ಯಾವ ಗೇಜ್ ಯಾವಾಗ ಕ್ಯಾಲಿಬ್ರೇಷನ್‌ಗೆ ಹೋಗಬೇಕು ಎಂದು ಅವಳು ತಯಾರಿಸಿದ ಒಂದು ಪುಟದ ಪಟ್ಟಿ. ಅದು ಈಗ ಗೇಜ್ ಬೀರುವಿನ ಬಾಗಿಲ ಮೇಲಿದೆ. ಇವೆರಡು ಕೈಯಲ್ಲಿದ್ದರೆ ಕಾರ್ಡ್ ತಾನಾಗಿ ಬರೆಸಿಕೊಳ್ಳುತ್ತದೆ. ಮೇಲೆ ಅವಳ ಹೆಸರು ಹಾಕಿ, ಆಮೇಲೆ:

'ನಾಲ್ಕನೇ ವಾರ ನೀವು ಎರಡು ಡ್ರಾಯಿಂಗ್ ಹಿಡಿದುಕೊಂಡು ಬಂದು, "ಫ್ಲೋರ್‌ನಲ್ಲಿರೋದು ಬಿ, ಫೈಲ್‌ನಲ್ಲಿರೋದು ಸಿ, ಯಾವುದು ಸರಿ ಸರ್?" ಎಂದು ಕೇಳಿದಿರಿ. ಅವತ್ತು ಸಂಜೆ ಎಲ್ಲ ಮೆಷಿನ್‌ಗಳ ಡ್ರಾಯಿಂಗ್ ತೆಗೆದು ನೋಡಿದಾಗ ಇನ್ನೂ ಎರಡು ಹಳೆಯವು ಸಿಕ್ಕವು. ಈಗ ಹೊಸದು ಬಂದ ದಿನವೇ ಹಳೆಯದನ್ನು ವಾಪಸ್ ಪಡೆಯುತ್ತಿದ್ದೇವೆ. ಗೇಜ್‌ಗಳಿಗೆ ನೀವು ಮಾಡಿದ ಪಟ್ಟಿಯನ್ನೇ ಮುಂದುವರಿಸುತ್ತೇವೆ. ಸಿಎಂಎಂ ಮೇಲೆ ಕೆಲಸ ಕಲಿಯಬೇಕು ಎಂದಿದ್ದಿರಿ, ನಮ್ಮಲ್ಲಿ ಆ ಮೆಷಿನ್ ಇಲ್ಲ. ಅದಿರುವ ಕಡೆ ಅರ್ಜಿ ಹಾಕುವಾಗ ನನ್ನ ಹೆಸರು ಕೊಡಿ. ಅವರು ಫೋನ್ ಮಾಡಿದರೆ ಈ ಎರಡು ವಿಷಯ ಹೇಳುತ್ತೇನೆ. ನಿಮ್ಮ ಜೊತೆ ಕೆಲಸ ಮಾಡಿ ಸಂತೋಷವಾಯಿತು.'

ಇದರಲ್ಲಿ ಅವಳು ಜಾಣೆ, ಶ್ರದ್ಧಾವಂತೆ, ಚುರುಕು ಎಂಬ ಒಂದು ಮಾತೂ ಇಲ್ಲ. ಆದರೂ ಓದಿದವರಿಗೆ ಅವಳು ಎಂಥವಳು ಎಂದು ತಿಳಿಯುತ್ತದೆ. ಪ್ರೋತ್ಸಾಹ ಇರುವುದು 'ಪಟ್ಟಿಯನ್ನೇ ಮುಂದುವರಿಸುತ್ತೇವೆ' ಎಂಬಲ್ಲಿ, 'ನನ್ನ ಹೆಸರು ಕೊಡಿ' ಎಂಬಲ್ಲಿ. ಅವಳ ಮಾತನ್ನೇ ಅವಳು ಆಡಿದ ಹಾಗೆ ಬರೆದಿರುವುದರಿಂದ ಗಮನಿಸಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಕಾರ್ಡನ್ನು ಮುಂದಿನ ವರ್ಷದ ಇಂಟರ್ನ್‌ಗೆ ಕೊಡಲು ಬರುವುದಿಲ್ಲ, ಅದೇ ಅದರ ಗುಣ.

ಇಲ್ಲಿ ಕೈ ಜಾರುವ ಜಾಗವೂ ಒಂದಿದೆ. ಡ್ರಾಯಿಂಗ್ ವಿಷಯ ಬರೆಯುತ್ತಾ ಬರೆಯುತ್ತಾ 'ನೀವು ಕಂಪನಿಯ ಮಾನ ಉಳಿಸಿದಿರಿ' ಎಂದು ಸೇರಿಸಬೇಕೆನಿಸುತ್ತದೆ. ಬೇಡ. ಲಾಟ್ ಇನ್ನೂ ಹೊರಟಿರಲಿಲ್ಲವಾದರೆ ಹಾಗೆ ಆಗಿಲ್ಲ, ಅದು ಅವಳಿಗೂ ಗೊತ್ತು. ಎಂಟು ವಾರದಲ್ಲಿ ಆಗಬಹುದಾದಷ್ಟೇ ಆಗಿದೆ. ಅಷ್ಟನ್ನೇ ಬರೆದರೆ ಅದಕ್ಕೆ ತೂಕ. ಇನ್ನೊಂದು ಎಚ್ಚರಿಕೆ: ಈ ಕಾರ್ಡಿನ ಫೋಟೊ ಸಂಜೆಯೊಳಗೆ ಅವಳ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿರುತ್ತದೆ. ಗಿರಾಕಿಯ ಹೆಸರು, ಪಾರ್ಟ್ ನಂಬರ್ ಅದರಲ್ಲಿ ಇರಬಾರದು.

ಟೀ ವೇಳೆ ಎಲ್ಲರೆದುರು ಆಡುವ ಮಾತಿಗೆ ಇದೇ ವಿಷಯವನ್ನು ಸ್ವಲ್ಪ ಬೇರೆ ತರಹ ಹೇಳಬೇಕಾಗುತ್ತದೆ. ಹಳೆಯ ಡ್ರಾಯಿಂಗ್ ಇಟ್ಟುಕೊಂಡಿದ್ದ ಆಪರೇಟರ್ ಅಲ್ಲೇ ಸಮೋಸ ಹಿಡಿದು ನಿಂತಿರುತ್ತಾನೆ. ಇಂಟರ್ನ್ ಅನ್ನು ಹೊಗಳುವ ಭರದಲ್ಲಿ ಅವನಿಗೆ ಬೈದ ಹಾಗಾದರೆ ಹುಡುಗಿಗೂ ಮುಜುಗರ. ಎಲ್ಲರೂ ನಕ್ಕರೂ ಅವನು ನಗುವುದಿಲ್ಲ. ಹೀಗೆ ಹೇಳಬಹುದು: 'ಡ್ರಾಯಿಂಗ್ ಬದಲಾದಾಗ ಫ್ಲೋರ್‌ಗೆ ಯಾರು ತಲುಪಿಸಬೇಕು ಅನ್ನೋದು ನಮ್ಮಲ್ಲಿ ಸ್ಪಷ್ಟ ಇರಲಿಲ್ಲ. ಇವರು ಕೇಳಿದ ಮೇಲೆ ಅದು ಗೊತ್ತಾಯ್ತು, ಈಗ ಒಂದು ರಿಜಿಸ್ಟರ್ ಇಟ್ಟಿದ್ದೇವೆ.' ಇಲ್ಲಿ ಯಾರ ತಪ್ಪೂ ಇಲ್ಲ, ಅವಳ ಪಾಲು ಮಾತ್ರ ಇದೆ. ಮಾತು ಎರಡು ನಿಮಿಷ ದಾಟಬಾರದು. ಮೂರನೇ ನಿಮಿಷಕ್ಕೆ ಬಂದಾಗಲೇ ನಮ್ಮ ಹಿರಿಯರಿಗೆ 'ನಾವು ಟ್ರೇನಿ ಆಗಿದ್ದಾಗ' ಎಂಬ ಕಥೆ ನೆನಪಾಗುವುದು.

ಕೊನೆಗೆ 'ಈಗ ನೀನೂ ಎರಡು ಮಾತಾಡಮ್ಮ' ಎಂದು ಎಲ್ಲರೂ ಅವಳ ಕಡೆ ತಿರುಗುತ್ತಾರೆ. ಇದನ್ನು ಗುರುವಾರವೇ ಅವಳಿಗೆ ಹೇಳಿಡಿ. ಬೇಡವೆಂದರೆ ಬಿಟ್ಟುಬಿಡಿ. ಮೂವತ್ತು ಜನರ ಮುಂದೆ ತಡವರಿಸಿ 'ನನಗೆ ಅವಕಾಶ ಕೊಟ್ಟಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್' ಎಂದಷ್ಟೇ ಹೇಳಿ ಕೆಂಪಾಗಿ ಕೂರುವ ಹುಡುಗಿಯನ್ನು ನೋಡಿ 'ಪಾಪ, ನಾಚಿಕೆ' ಎಂದು ನಗುವುದು ಅವಳಿಗೆ ಬೀಳ್ಕೊಡುಗೆಯಲ್ಲಿ ನೆನಪುಳಿಯುವ ಭಾಗವಾಗಿಬಿಡುತ್ತದೆ.

ನೀನು ಎನ್ನಬೇಕೋ ನೀವು ಎನ್ನಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಂಟು ವಾರ 'ನೀನು' ಎಂದು ಮಾತಾಡಿಸಿದವರು ಕೊನೆಯ ದಿನ ಬಾಯಲ್ಲಿ 'ತಾವು' ಎಂದರೆ ನಾಟಕದ ಮಾತಾಗುತ್ತದೆ. ಧಾರವಾಡದ ಕಡೆಯ ಹಿರಿಯ ಟರ್ನರ್ ಒಬ್ಬರು 'ಚಲೋ ಕೆಲ್ಸಾ ಮಾಡ್ದಿ ತಂಗಿ' ಎಂದರೆ ಅದರಲ್ಲಿ ಮೇಲಿನಿಂದ ನೋಡುವುದೇನೂ ಇಲ್ಲ. ಅವರು ಮ್ಯಾನೇಜರ್‌ನ ಹೆಂಡತಿಗೂ ತಂಗಿ ಎಂದೇ ಹೇಳುವವರು. ಬಾಯಿಮಾತಿನಲ್ಲಿ ದಿನವೂ ಹೇಗಿತ್ತೋ ಹಾಗೇ ಇರಲಿ. ಬರೆದದ್ದು ಮಾತ್ರ ಮನೆಗೆ, ಕಾಲೇಜಿಗೆ, ಮುಂದೆ ಇನ್ನೆಲ್ಲಿಗೋ ಹೋಗುತ್ತದೆ. ಅದನ್ನು ಓದುವ ಅಪರಿಚಿತರ ಎದುರು ಅವಳು ನಿಮ್ಮ ಸಹೋದ್ಯೋಗಿಯಾಗಿ ಕಾಣಬೇಕು. ಹಾಗಾಗಿ ಕಾರ್ಡಿನಲ್ಲಿ 'ನೀವು' ಎಂಬುದು ನನ್ನ ಸಲಹೆ. 'ಪುಟ್ಟಿ', 'ಮರಿ', 'ಬೇಬಿ' ಎರಡೂ ಕಡೆ ಬೇಡ.

ಕಿವಿಮಾತಿನ ವಿಷಯಕ್ಕೆ ಬಂದರೆ, ನಮ್ಮವರಿಗೆ ಬೀಳ್ಕೊಡುಗೆ ಎಂದರೆ ಉಪದೇಶಕ್ಕೆ ಸಿಕ್ಕ ವೇದಿಕೆ. ಮೊಬೈಲ್ ಕಡಿಮೆ ನೋಡು, ಇಂಗ್ಲಿಷ್ ಸುಧಾರಿಸಿಕೋ, ಅಪ್ಪ ಅಮ್ಮನಿಗೆ ಒಳ್ಳೆ ಹೆಸರು ತಾ. ಇವು ಅವಳ ಕೆಲಸ ನೋಡಿ ಬಂದ ಮಾತುಗಳಲ್ಲ, ವಯಸ್ಸು ನೋಡಿ ಬಂದವು. ನಿಜವಾಗಿ ತಿದ್ದಬೇಕಾದದ್ದು ಏನಾದರೂ ಇದ್ದರೆ ಅದಕ್ಕೆ ಜಾಗ ಕಾರ್ಡೂ ಅಲ್ಲ, ಟೀ ಪಾರ್ಟಿಯೂ ಅಲ್ಲ. ಎರಡು ದಿನ ಮೊದಲು ಹತ್ತು ನಿಮಿಷ ಅವಳೊಬ್ಬಳ ಜೊತೆ ಕೂತು ಹೇಳಿ. ಉದಾಹರಣೆಗೆ, ಮೆಷಿನ್‌ನಿಂದ ಆಗತಾನೇ ಇಳಿದ ಬಿಸಿ ಪೀಸನ್ನು ಆರಲು ಬಿಡದೆ ಅವಳು ಅಳೆಯುತ್ತಿದ್ದಳು ಎನ್ನಿ. ಲೋಹ ಬಿಸಿಯಾದಾಗ ಹಿಗ್ಗುತ್ತದೆ. ಅಳತೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮಧ್ಯಾಹ್ನ ಅಳೆದಾಗ ಸರಿ ಇದ್ದ ಪೀಸ್ ಮರುದಿನ ಬೆಳಿಗ್ಗೆ ಕಡಿಮೆ ತೋರಿಸಿದರೆ ಕಾರಣ ಇದೇ ಇರಬಹುದು. 'ನಿಮ್ಮ ಮೂರನೇ ವಾರದ ರೀಡಿಂಗ್‌ಗಳಲ್ಲಿ ಈ ವ್ಯತ್ಯಾಸ ಬಂದಿದೆ ನೋಡಿ, ಮುಂದೆ ಎಲ್ಲೇ ಹೋದರೂ ಪೀಸ್ ಆರಿದ ಮೇಲೆ ಅಳೆಯಿರಿ' ಎಂದು ರಿಪೋರ್ಟ್ ತೋರಿಸಿ ಹೇಳಿದರೆ ಅದು ಉಪದೇಶವಲ್ಲ, ಕೆಲಸದ ಮಾತು. ಹೇಗೂ ಹೋಗುವ ಹುಡುಗಿ ಎಂದು ಇದನ್ನು ನುಂಗಿಕೊಂಡು ಬರೀ ಹೊಗಳಿ ಕಳಿಸುವುದೂ ಒಂದು ಬಗೆಯ ಕೀಳಂದಾಜೇ. ಮೇಯರ್ ಪ್ರಯೋಗಗಳಲ್ಲಿ ಇದರ ಇನ್ನೊಂದು ಮುಖವೂ ಕಂಡಿತ್ತು: ಇಬ್ಬರು ಒಂದೇ ತಪ್ಪು ಮಾಡಿದಾಗ, ಯಾರ ತಪ್ಪನ್ನು ಮೇಷ್ಟ್ರು ಎತ್ತಿ ಆಡಿದರೋ ಅವನಿಂದಲೇ ಅವರು ಹೆಚ್ಚು ನಿರೀಕ್ಷಿಸಿದ್ದರು ಎಂದು ನೋಡಿದವರು ಎಣಿಸಿದರು.

'ಓದು ಮುಗಿಸಿ ಬಾ, ಇಲ್ಲೇ ಕೆಲಸ ಕೊಡ್ತೀವಿ' ಎಂಬ ಮಾತಿನ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಹೇಳುವವರಿಗೆ ಅದು ಟೀ ಜೊತೆಯ ಔದಾರ್ಯ. ಹುಡುಗಿ ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾಳೆ, ಅಪ್ಪ ನೆಂಟರಿಗೆ ಹೇಳುತ್ತಾರೆ. ಕಾಲೇಜಿಗೆ ಬಂದ ಕಂಪನಿಯ ಇಂಟರ್‌ವ್ಯೂಗೆ ಅವಳು ಹೋಗದೇ ಇರಬಹುದು. ಆಮೇಲೆ ಫೋನ್ ಮಾಡಿದರೆ 'ಈಗ ವೇಕೆನ್ಸಿ ಇಲ್ಲಮ್ಮಾ' ಎಂಬ ಉತ್ತರ. ನೇಮಕ ನಿಮ್ಮ ಕೈಯಲ್ಲಿಲ್ಲದಿದ್ದರೆ ಆ ಮಾತೇ ಬೇಡ. ಇದ್ದರೂ 'ಜುಲೈನಲ್ಲಿ ಆಳು ತೆಗೆದುಕೊಳ್ಳುವುದಾದರೆ ನಿಮಗೆ ತಿಳಿಸುತ್ತೇನೆ, ಅದನ್ನು ನಂಬಿ ಬೇರೆ ಅವಕಾಶ ಬಿಡಬೇಡಿ' ಎಂಬಷ್ಟಕ್ಕೆ ನಿಲ್ಲಿಸಿ. ತಿಳಿಸುವುದನ್ನು ಮರೆಯದಂತೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲ ಇಂಟರ್ನ್‌ಗಳೂ ಹಳೆಯ ಡ್ರಾಯಿಂಗ್ ಹಿಡಿಯುವುದಿಲ್ಲ. ಅದೇ ಶಾಪ್‌ನ ಡಿಸ್‌ಪ್ಯಾಚ್‌ನಲ್ಲಿ ಒಬ್ಬ ಹುಡುಗ ಇದ್ದ ಎನ್ನಿ. ವಾರಕ್ಕೊಂದು ರಜೆ, ಉಳಿದ ದಿನ ಸಾಧಾರಣ ಕೆಲಸ. ಅವನಿಗೆ ಏನು ಬರೆಯುವುದು? ಇಲ್ಲಿಯೇ ಜನ ಸುಳ್ಳಿನ ಕಡೆ ವಾಲುತ್ತಾರೆ: 'ನಿಮ್ಮ ಕೊಡುಗೆ ಅಪಾರ.' ಅವನೇ ಅದನ್ನು ಓದಿ ಗೆಳೆಯರ ಮುಂದೆ ನಗುತ್ತಾನೆ. ಬರೆಯಲು ಹೆಚ್ಚಿಲ್ಲದಿದ್ದರೆ ಚಿಕ್ಕದಾಗಿ ಬರೆಯುವುದೇ ಮರ್ಯಾದೆ. ಆದರೆ ಆ ಚಿಕ್ಕದರಲ್ಲೂ ಒಂದು ನಿಜದ ಸಂಗತಿ ಇರಲಿ. ರಿಜಿಸ್ಟರ್ ನೋಡಿದರೆ ಒಂದಾದರೂ ಸಿಗುತ್ತದೆ: 'ತಿಂಗಳ ಕೊನೆಯ ಶನಿವಾರ ಲಾರಿ ತಡವಾಗಿ ಬಂದಾಗ ನೀವು ರಾತ್ರಿ ಎಂಟರವರೆಗೆ ನಿಂತು ಪೆಟ್ಟಿಗೆಗಳ ಎಣಿಕೆ ಮುಗಿಸಿಕೊಟ್ಟಿರಿ. ಅದಕ್ಕೆ ಧನ್ಯವಾದ. ಕೊನೆಯ ಸೆಮಿಸ್ಟರ್ ಪರೀಕ್ಷೆ ಚೆನ್ನಾಗಿ ಆಗಲಿ.' ಇಷ್ಟು ಸಾಕು. ಅವನ ರಜೆಗಳ ಲೆಕ್ಕ ಕಾಲೇಜಿನ ಹಾಜರಿ ಪುಸ್ತಕದಲ್ಲಿರುತ್ತದೆ, ಕಾರ್ಡಿನಲ್ಲಿ ಚುಚ್ಚುವುದು ಬೇಡ.

ಇನ್ನು ಕೆಲವರಿಗೆ ಎಂಟು ವಾರವೂ ಜೆರಾಕ್ಸ್ ಮಾಡಿಸುವುದು, ಫೈಲ್ ಜೋಡಿಸುವುದು ಬಿಟ್ಟು ನಾವೇ ಬೇರೇನೂ ಕೊಟ್ಟಿರುವುದಿಲ್ಲ. ಅಂಥವರ ಕಾರ್ಡಿನಲ್ಲಿ 'ಇಲ್ಲಿ ಕಲಿತದ್ದು ಜೀವನಪೂರ್ತಿ ಕೆಲಸಕ್ಕೆ ಬರಲಿ' ಎಂದು ಬರೆಯುವುದಕ್ಕಿಂತ 'ಹತ್ತು ವರ್ಷದ ಫೈಲ್‌ಗಳನ್ನು ವರ್ಷವಾರು ಜೋಡಿಸಿಕೊಟ್ಟಿರಿ, ಈಗ ಆಡಿಟ್‌ಗೆ ಕೇಳಿದ್ದು ತಕ್ಷಣ ಸಿಗುತ್ತಿದೆ. ನಿಮ್ಮ ವಿಷಯಕ್ಕೆ ಸೇರಿದ ಕೆಲಸ ಇನ್ನಷ್ಟು ಕೊಡಬೇಕಿತ್ತು' ಎಂದು ಬರೆಯುವುದು ನೇರ. ಆ ಕೊನೆಯ ವಾಕ್ಯ ಬರೆಯಲು ಮನಸ್ಸು ಬಾರದಿದ್ದರೆ ಅದನ್ನು ಬಿಡಬಹುದು, ಮೊದಲಿನದನ್ನು ಬಿಡಬೇಡಿ.

ಕಾರ್ಡ್ ಕೊಡುವ ಮೊದಲು ಕಾಗದಪತ್ರ ಮುಗಿಸಿ. ದಿನಚರಿಯ ಉಳಿದ ಪುಟಗಳಿಗೆ ಸಹಿ, ವರದಿಯ ಮೇಲೆ ಸೀಲು, ಸರ್ಟಿಫಿಕೇಟ್, ಬರಬೇಕಾದ ಸ್ಟೈಪೆಂಡ್ ಇದ್ದರೆ ಅದು. ಸರ್ಟಿಫಿಕೇಟ್‌ನಲ್ಲೂ 'ಅವರ ನಡತೆ ಉತ್ತಮ' ಎಂಬ ಅಚ್ಚಿನ ಸಾಲಿನ ಕೆಳಗೆ ಇದೇ ವಿಷಯವನ್ನು ಒಂದು ಸಾಲಿನಲ್ಲಿ ಸೇರಿಸಿ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ವಿಭಾಗ, ಯಾವ ಕೆಲಸ, ಏನು ತಯಾರಿಸಿದರು. 'ಗೇಜ್‌ಗಳ ಕ್ಯಾಲಿಬ್ರೇಷನ್ ವೇಳಾಪಟ್ಟಿ ತಯಾರಿಸಿದರು' ಎಂಬ ಸಾಲನ್ನು ಅವಳು ಮುಂದಿನ ಇಂಟರ್‌ವ್ಯೂನಲ್ಲಿ ತೋರಿಸಬಹುದು, ಕಾರ್ಡನ್ನು ತೋರಿಸಲಾಗುವುದಿಲ್ಲ. 'ಸೋಮವಾರ ಬಂದು ತಗೊಂಡು ಹೋಗಮ್ಮ' ಎಂದರೆ ಊರಿಗೆ ಹೊರಟವಳು ಎರಡು ಬಸ್ ಬದಲಿಸಿ ಮತ್ತೆ ಬರಬೇಕು. ಶನಿವಾರ ಸಹಿ ಮಾಡುವವರು ರಜೆಯಲ್ಲಿದ್ದರೆ ಶುಕ್ರವಾರವೇ ಮಾಡಿಸಿಡಿ.